1.64 ಯಾಕೆ ಸಾಲದು?

ಲಿಥಿಯಂ-7 ನ್ಯೂಕ್ಲಿಯಸ್ಸಿಗೆ ಒಂದು ಪ್ರೋಟಾನ್ ಬಡಿದರೆ ಬೆರಿಲಿಯಂ-7 ಮತ್ತು ಒಂದು ನ್ಯೂಟ್ರಾನ್ ಹುಟ್ಟಬಹುದು. ಹುಟ್ಟಬಹುದು ಎಂದೆ, ಹುಟ್ಟುತ್ತವೆ ಎನ್ನಲಿಲ್ಲ. ಈ ಕ್ರಿಯೆ ತಾನಾಗಿ ಶಕ್ತಿ ಕೊಡುವಂಥದ್ದಲ್ಲ, ಕೇಳುವಂಥದ್ದು. ಪರಮಾಣು ರಾಶಿಗಳ ಪಟ್ಟಿ ಇಟ್ಟುಕೊಂಡು ಕೂಡಿಸಿ ನೋಡಿ. ಲಿಥಿಯಂ-7ರದ್ದು 7.01600, ಹೈಡ್ರೋಜನ್ನಿನದು 1.00783, ಒಟ್ಟು 8.02383. ಕ್ರಿಯೆಯ ನಂತರ ಬೆರಿಲಿಯಂ-7ರದ್ದು 7.01693, ನ್ಯೂಟ್ರಾನಿನದು 1.00866, ಒಟ್ಟು 8.02559. ಬಂದವುಗಳಿಗಿಂತ ಹೋಗುವವುಗಳ ತೂಕ ಒಂದು ಚೂರು ಹೆಚ್ಚು. ಆ ಚೂರನ್ನು ಐನ್‌ಸ್ಟೈನ್ ಸೂತ್ರದಲ್ಲಿ ಶಕ್ತಿಯಾಗಿ ಬದಲಿಸಿದರೆ 1.644 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಎಂಇವಿ, ಸಿಗುತ್ತದೆ. ಶಕ್ತಿ ಒಳಗೆ ಹೋಗಬೇಕಾದ್ದರಿಂದ ಅದಕ್ಕೆ ಋಣ ಚಿಹ್ನೆ ಹಚ್ಚಿ, ಈ ಕ್ರಿಯೆಯ Q ಮೌಲ್ಯ −1.644 ಎಂಇವಿ ಎನ್ನುತ್ತೇವೆ.

ಈಗ ವೇಗವರ್ಧಕದಿಂದ ಸರಿಯಾಗಿ 1.644 ಎಂಇವಿ ಚಲನಶಕ್ತಿಯ ಪ್ರೋಟಾನ್‌ಗಳನ್ನು ಲಿಥಿಯಂ ತಗಡಿನ ಮೇಲೆ ಬಿಟ್ಟರೆ ಏನಾಗುತ್ತದೆ? ಒಂದು ನ್ಯೂಟ್ರಾನೂ ಬರುವುದಿಲ್ಲ. 1.7ಕ್ಕೆ ಏರಿಸಿ, ಇಲ್ಲ. 1.8ಕ್ಕೆ, ಆಗಲೂ ಇಲ್ಲ. 1.88 ಮುಟ್ಟುತ್ತಿದ್ದಂತೆ ಎಣಿಕೆ ಯಂತ್ರಕ್ಕೆ ಜೀವ ಬರುತ್ತದೆ. ಕ್ರಿಯೆಗೆ ಬೇಕಾದದ್ದು 1.644, ಆದರೆ ಅದರ ಹೊಸ್ತಿಲ ಶಕ್ತಿ 1.880. ನಡುವಿನ 0.236 ಎಂಇವಿ ಯಾರ ಪಾಲು?

ಪಠ್ಯಪುಸ್ತಕಗಳು ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುತ್ತವೆ: ಸಂವೇಗ ಸಂರಕ್ಷಣೆಯ ಕಾರಣಕ್ಕೆ. ಕೆಳಗೆ ಒಂದು ಸೂತ್ರ, ಅದರ ಕೆಳಗೆ ಎರಡು ಲೆಕ್ಕ. ಉತ್ತರ ತಪ್ಪಲ್ಲ. ಆದರೆ ಅದನ್ನು ಓದಿ ಮುಗಿಸಿದ ವಿದ್ಯಾರ್ಥಿಯ ತಲೆಯಲ್ಲಿ ಎರಡು ತಪ್ಪು ಕಲ್ಪನೆಗಳು ಉಳಿದುಬಿಡುತ್ತವೆ. ಒಂದು, ಹೆಚ್ಚುವರಿ ಶಕ್ತಿ ಎಲ್ಲೋ ನಷ್ಟವಾಗುತ್ತದೆ ಎಂಬುದು. ಇನ್ನೊಂದು, 1.880 ಎಂಬುದು ಈ ನ್ಯೂಕ್ಲಿಯಸ್ಸುಗಳ ಸ್ವಭಾವದಲ್ಲೇ ಇರುವ ಸಂಖ್ಯೆ ಎಂಬುದು. ನನ್ನ ತಕರಾರು ಮುಖ್ಯವಾಗಿ ಎರಡನೆಯದರ ಮೇಲೆ. Q ಮೌಲ್ಯ ನ್ಯೂಕ್ಲಿಯಸ್ಸುಗಳಿಗೆ ಸೇರಿದ್ದು. ಹೊಸ್ತಿಲ ಶಕ್ತಿ ಹಾಗಲ್ಲ, ಯಾವುದನ್ನು ಓಡಿಸಿ ಯಾವುದನ್ನು ನಿಲ್ಲಿಸಿದ್ದೇವೆ ಎಂಬ ನಮ್ಮ ಏರ್ಪಾಟೂ ಅದರಲ್ಲಿ ಬೆರೆತಿದೆ.

ಮೊದಲು 0.236 ಹೇಗೆ ಬಂತೆಂದು ನೋಡೋಣ. ಓಡಿಬರುವ ಪ್ರೋಟಾನಿಗೆ ಸಂವೇಗ ಇದೆ, ನಿಂತಿರುವ ಲಿಥಿಯಮ್ಮಿಗೆ ಇಲ್ಲ. ಇಬ್ಬರದ್ದೂ ಸೇರಿದ ಸಂವೇಗ ಕ್ರಿಯೆಯ ಮುಂಚೆ ಎಷ್ಟಿತ್ತೋ ನಂತರವೂ ಅಷ್ಟೇ ಇರಬೇಕು, ಅದೇ ದಿಕ್ಕಿಗೆ. ಹಾಗಾಗಿ ಹೊರಬರುವ ಬೆರಿಲಿಯಂ ಮತ್ತು ನ್ಯೂಟ್ರಾನ್ ಎರಡೂ ನಿಂತಲ್ಲೇ ನಿಂತುಬಿಡುವಂತಿಲ್ಲ. ಎರಡೂ ನಿಂತರೆ ಸಂವೇಗ ಸೊನ್ನೆಯಾಗುತ್ತದೆ, ಬಂದ ಸಂವೇಗಕ್ಕೆ ಲೆಕ್ಕ ಸಿಗುವುದಿಲ್ಲ. ಅವು ಮುಂದಕ್ಕೆ ಚಲಿಸಲೇಬೇಕು, ಚಲಿಸುವುದೆಂದರೆ ಚಲನಶಕ್ತಿ ಇಟ್ಟುಕೊಳ್ಳುವುದು. ಆ ಶಕ್ತಿ ರಾಶಿಯಾಗಿ ಬದಲಾಗಲು ಸಿಗುವುದಿಲ್ಲ.

ಹಾಗಾದರೆ ಕನಿಷ್ಠ ಎಷ್ಟು ಇಟ್ಟುಕೊಳ್ಳಬೇಕು? ನಿಗದಿತ ಸಂವೇಗವನ್ನು ಎರಡು ಕಣಗಳು ಹಂಚಿಕೊಳ್ಳುವಾಗ ಅತಿ ಕಡಿಮೆ ಚಲನಶಕ್ತಿ ಬೇಕಾಗುವುದು ಎರಡೂ ಒಂದೇ ವೇಗದಲ್ಲಿ, ಅಂಟಿಕೊಂಡಂತೆ ಜೊತೆಯಾಗಿ ಸಾಗಿದಾಗ. ಒಂದಕ್ಕೊಂದು ದೂರ ಸರಿಯುತ್ತಿದ್ದರೆ ಆ ಸರಿಯುವಿಕೆಗೆ ಬೇರೆ ಶಕ್ತಿ ಬೇಕು. ಜೊತೆಯಾಗಿ ಸಾಗುವ ಆ ವೇಗ ಬೇರೇನಲ್ಲ, ಇಡೀ ಜೋಡಿಯ ರಾಶಿ ಕೇಂದ್ರದ ವೇಗ. ಡಿಕ್ಕಿಗೆ ಮುಂಚೆಯೂ ಆ ಕೇಂದ್ರ ಅದೇ ವೇಗದಲ್ಲಿ ಸಾಗುತ್ತಿತ್ತು, ನಂತರವೂ ಸಾಗುತ್ತದೆ. ನ್ಯೂಕ್ಲಿಯಸ್ಸಿನೊಳಗೆ ಏನೇ ಆದರೂ ಅದನ್ನು ತಡೆಯಲು ಆಗುವುದಿಲ್ಲ. ಆದ್ದರಿಂದ ಪ್ರೋಟಾನಿನ ಚಲನಶಕ್ತಿಯನ್ನು ಮೊದಲೇ ಎರಡು ಭಾಗ ಮಾಡಿ ನೋಡುವುದು ಒಳ್ಳೆಯದು. ಒಂದು ಭಾಗ ರಾಶಿ ಕೇಂದ್ರದ ಪ್ರಯಾಣಕ್ಕೆ ಮೀಸಲು. ಉಳಿದದ್ದು ಪ್ರೋಟಾನ್ ಮತ್ತು ಲಿಥಿಯಂ ಒಂದನ್ನೊಂದು ಸಮೀಪಿಸುವ ಚಲನೆಯದು. ಕ್ರಿಯೆಗೆ ಖರ್ಚಾಗಬಲ್ಲದ್ದು ಈ ಎರಡನೆಯ ಭಾಗ ಮಾತ್ರ.

ದಾರದಲ್ಲಿ ತೂಗುಬಿಟ್ಟ ತೆಂಗಿನಕಾಯಿಯನ್ನು ಕಲ್ಲಿನಿಂದ ಹೊಡೆದು ಒಡೆಯಲು ಹೊರಟವನ ಫಜೀತಿ ಇದೇ. ಏಟಿನ ಒಂದು ಪಾಲು ಕಾಯಿಯನ್ನು ಆಚೆಗೆ ತಳ್ಳುವುದರಲ್ಲೇ ಹೋಗುತ್ತದೆ, ಚಿಪ್ಪಿಗೆ ತಟ್ಟುವುದು ಉಳಿದದ್ದು. ಅದೇ ಕಾಯಿಯನ್ನು ಬಂಡೆಗೆ ಆನಿಸಿಟ್ಟರೆ ಅಷ್ಟೇ ಏಟು ಬಹುಪಾಲು ಚಿಪ್ಪಿನ ಮೇಲೆ ಬೀಳುತ್ತದೆ. ನ್ಯೂಕ್ಲಿಯಸ್ಸಿಗೆ ಆನಿಕೆಯಾಗಿ ಬಂಡೆ ಕೊಡಲು ಆಗುವುದಿಲ್ಲ. ತಗಡಿನೊಳಗೆ ಅಕ್ಕಪಕ್ಕದ ಪರಮಾಣುಗಳು ಅದನ್ನು ಹಿಡಿದಿರುವ ಬಿಗಿ ಕೆಲವೇ ಎಲೆಕ್ಟ್ರಾನ್ ವೋಲ್ಟಿನದು. ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟಿನ ಏಟಿಗೆ ಅದು ಇದ್ದೂ ಇಲ್ಲದಂತೆ. ಆದರೆ ಹೊಡೆಯುವ ಕಣಕ್ಕಿಂತ ನ್ಯೂಕ್ಲಿಯಸ್ ಬಹಳ ಭಾರವಾಗಿದ್ದರೆ ಅದರ ಜಡತ್ವವೇ ಆ ಕೆಲಸ ಮಾಡುತ್ತದೆ. ಇದೇ Q ಮೌಲ್ಯದ ಕ್ರಿಯೆ ಸೀಸದಂಥ ಭಾರದ ನ್ಯೂಕ್ಲಿಯಸ್ಸಿನಲ್ಲಿ ನಡೆಯುವಂತಿದ್ದರೆ, ಪ್ರೋಟಾನಿಗೆ ಬೇಕಾಗುವ ಹೆಚ್ಚುವರಿ ಶೇಕಡ ಅರ್ಧಕ್ಕಿಂತ ಕಡಿಮೆ ಇರುತ್ತಿತ್ತು.

ಲಿಥಿಯಮ್ಮಿನಲ್ಲಿ ಹಾಗಿಲ್ಲ. ಪ್ರೋಟಾನಿನ ತೂಕ ಒಂದು, ಲಿಥಿಯಮ್ಮಿನದು ಏಳು. ರಾಶಿ ಕೇಂದ್ರದ ಪ್ರಯಾಣ ತಿನ್ನುವ ಪಾಲು ಎಂಟನೇ ಒಂದು, ಇನ್ನೂ ಸರಿಯಾಗಿ ಹೇಳಿದರೆ ಶೇಕಡ 12.56. ಇಲ್ಲೊಂದು ಸೂಕ್ಷ್ಮ ಇದೆ, ಅವಸರದಲ್ಲಿ ಲೆಕ್ಕ ಮಾಡುವವರು ಎಡವುವುದು ಇಲ್ಲೇ. 1.644 ಎಂಇವಿ ಪ್ರೋಟಾನಿನಲ್ಲಿ 0.206 ಕೇಂದ್ರದ ಪಾಲು, ಕ್ರಿಯೆಗೆ ಉಳಿಯುವುದು 1.438. ಕೊರತೆ 0.206. ಸರಿ, ಆ 0.206 ಸೇರಿಸಿ ಪ್ರೋಟಾನಿಗೆ 1.850 ಕೊಡೋಣ. ಸಾಕೇ? ಸಾಲದು. ಸೇರಿಸಿದ್ದರಲ್ಲೂ ಎಂಟನೇ ಒಂದನ್ನು ಕೇಂದ್ರ ಎತ್ತಿಕೊಳ್ಳುತ್ತದೆ. ಈಗ ಕ್ರಿಯೆಗೆ ಸಿಗುವುದು 1.618, ಇನ್ನೂ 0.026 ಕಡಿಮೆ. ಅದನ್ನೂ ಸೇರಿಸಿ, ಮತ್ತೆ ಸ್ವಲ್ಪ ಕಡಿಮೆ. ಹೀಗೆ ಕೊರತೆ ಪ್ರತಿ ಸಲ ಎಂಟನೇ ಒಂದಕ್ಕೆ ಇಳಿಯುತ್ತಾ ಹೋಗಿ ಮೊತ್ತ 1.880ರಲ್ಲಿ ನಿಲ್ಲುತ್ತದೆ. 1.644ಕ್ಕೆ ಅದರ ಎಂಟನೇ ಒಂದನ್ನು ಸೇರಿಸುವುದಲ್ಲ, ಏಳನೇ ಒಂದನ್ನು ಸೇರಿಸಬೇಕು. ಸೂತ್ರದಲ್ಲಿ m ಬಂದ ಕಣದ ರಾಶಿ, M ನಿಂತ ನ್ಯೂಕ್ಲಿಯಸ್ಸಿನ ರಾಶಿ:

E = |Q| (1 + m/M)

m ಅನ್ನು ಭಾಗಿಸುವುದು ಇಬ್ಬರ ಒಟ್ಟು ರಾಶಿಯಿಂದಲ್ಲ, M ಒಂದರಿಂದಲೇ. ಮೇಲೆ ಕಂಡ ಕೊರತೆಯ ಸರಣಿಯನ್ನು ಕೊನೆಯವರೆಗೆ ಕೂಡಿಸಿದರೆ ಸಿಗುವುದು ಅದೇ.

ಈಗ ಮೊದಲ ತಪ್ಪು ಕಲ್ಪನೆಗೆ ಬರೋಣ. 0.236 ಎಂಇವಿ ನಷ್ಟವಾಗಿಲ್ಲ. ಪ್ರೋಟಾನ್ ಸರಿಯಾಗಿ ಹೊಸ್ತಿಲಲ್ಲಿದ್ದಾಗ ಹುಟ್ಟಿದ ಬೆರಿಲಿಯಂ ಮತ್ತು ನ್ಯೂಟ್ರಾನ್ ಎರಡೂ ಒಂದೇ ವೇಗದಲ್ಲಿ ಮುಂದಕ್ಕೆ ಹೋಗುತ್ತವೆ, ಆ ಶಕ್ತಿ ಅವುಗಳ ಬಳಿಯೇ ಇರುತ್ತದೆ. ವೇಗ ಒಂದೇ ಆದ್ದರಿಂದ ಶಕ್ತಿ ತೂಕದ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಬೆರಿಲಿಯಮ್ಮಿಗೆ ಸುಮಾರು 0.206, ನ್ಯೂಟ್ರಾನಿಗೆ 0.030, ಅಂದರೆ 30 ಸಾವಿರ ಎಲೆಕ್ಟ್ರಾನ್ ವೋಲ್ಟ್. ಹೊಸ್ತಿಲಲ್ಲಿ ಹುಟ್ಟುವ ನ್ಯೂಟ್ರಾನ್ ನಿಂತಿರುತ್ತದೆ ಎಂದು ಊಹಿಸುವವರಿದ್ದಾರೆ. ನಿಂತಿರುವುದಿಲ್ಲ, ಸೆಕೆಂಡಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಓಡುವುದೂ ಕಂಡಕಂಡ ದಿಕ್ಕಿಗಲ್ಲ, ಪ್ರೋಟಾನ್ ಬಂದ ನೇರಕ್ಕೇ.

ಪ್ರೋಟಾನಿಗೆ ಹೊಸ್ತಿಲಿಗಿಂತ ತುಸು ಹೆಚ್ಚು ಶಕ್ತಿ ಕೊಟ್ಟರೆ ನ್ಯೂಟ್ರಾನ್‌ಗಳು ಮುಂದಕ್ಕೆ ತೆರೆದ ಶಂಕುವಿನೊಳಗೆ ಮಾತ್ರ ಬರುತ್ತವೆ. ಬದಿಯಲ್ಲಿ ಇಲ್ಲ, ಹಿಂದೆ ಇಲ್ಲ. ಯಾಕೆಂದರೆ ರಾಶಿ ಕೇಂದ್ರದ ಜೊತೆಗೇ ಸಾಗುತ್ತಾ ನೋಡಿದರೆ ನ್ಯೂಟ್ರಾನ್ ಎಲ್ಲ ದಿಕ್ಕಿಗೂ ಹಾರುತ್ತದೆ, ಆದರೆ ಅದರ ವೇಗ ಕೇಂದ್ರದ ವೇಗಕ್ಕಿಂತ ಕಡಿಮೆ. ಹಿಂದಕ್ಕೆ ಹಾರಿದ್ದೂ ಕೊನೆಗೆ ಮುಂದಕ್ಕೇ ಒಯ್ಯಲ್ಪಡುತ್ತದೆ. ಇದರಿಂದ ಒಂದು ವಿಚಿತ್ರವೂ ಆಗುತ್ತದೆ: ಶಂಕುವಿನೊಳಗಿನ ಒಂದೇ ಕೋನದಲ್ಲಿ ಎರಡು ಬೇರೆ ಬೇರೆ ಶಕ್ತಿಯ ನ್ಯೂಟ್ರಾನ್‌ಗಳು ಸಿಗುತ್ತವೆ, ಮುಂದಕ್ಕೆ ಹಾರಿದವು ಮತ್ತು ಹಿಂದಕ್ಕೆ ಹಾರಿಯೂ ಮುಂದೆ ಬಂದವು. ಪ್ರೋಟಾನ್ ಶಕ್ತಿ ಸುಮಾರು 1.92 ಎಂಇವಿ ದಾಟಿದ ಮೇಲಷ್ಟೇ ಹಿಂದಿಟ್ಟ ಎಣಿಕೆ ಯಂತ್ರಕ್ಕೂ ನ್ಯೂಟ್ರಾನ್ ಬೀಳುತ್ತದೆ.

ಈ ಸಣ್ಣ ಅಂತರವನ್ನು ಖಗೋಳ ಭೌತಶಾಸ್ತ್ರಜ್ಞರು ಬಹಳ ಜಾಣತನದಿಂದ ಬಳಸಿಕೊಂಡಿದ್ದಾರೆ. ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಬೇರ್ ಮತ್ತು ಕೆಪ್ಪೆಲರ್ 1980ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರೋಟಾನ್ ಶಕ್ತಿ 1.912 ಎಂಇವಿ, ಹೊಸ್ತಿಲಿಗಿಂತ ಬರೀ 0.03 ಮೇಲೆ. ಆಗ ನ್ಯೂಟ್ರಾನ್‌ಗಳೆಲ್ಲ ಸುಮಾರು 120 ಡಿಗ್ರಿ ತೆರೆದ ಶಂಕುವಿನಲ್ಲಿ ಬರುತ್ತವೆ, ಅವುಗಳ ಶಕ್ತಿ ಗರಿಷ್ಠ 0.11 ಎಂಇವಿಯ ಆಸುಪಾಸು. ಎಲ್ಲವನ್ನೂ ಕೂಡಿಸಿ ನೋಡಿದಾಗ ಸಿಗುವ ಶಕ್ತಿ ಹಂಚಿಕೆ, ಸುಮಾರು 30 ಕೋಟಿ ಡಿಗ್ರಿ ಬಿಸಿಯಲ್ಲಿ ಕುದಿಯುವ ನ್ಯೂಟ್ರಾನ್ ಅನಿಲದ್ದನ್ನು ಹೋಲುತ್ತದೆ. ಮುಪ್ಪಾದ ಕೆಂಪು ದೈತ್ಯ ನಕ್ಷತ್ರಗಳ ಒಡಲಲ್ಲಿ ಕಬ್ಬಿಣಕ್ಕಿಂತ ಭಾರದ ಧಾತುಗಳು ನಿಧಾನವಾಗಿ ನ್ಯೂಟ್ರಾನ್ ನುಂಗುತ್ತಾ ಬೆಳೆಯುವ ಪರಿಸರಕ್ಕೆ ಇದು ಹತ್ತಿರ. ಅಂಥ ಒಂದು ಧಾತುವಿನ ತೆಳು ಹಾಳೆಯನ್ನು ಶಂಕುವಿನ ಬಾಯಿಗೆ ಅಡ್ಡ ಹಿಡಿದರೆ ಅದು ಎಷ್ಟು ನ್ಯೂಟ್ರಾನ್ ನುಂಗುತ್ತದೆ ಎಂದು ಪ್ರಯೋಗಶಾಲೆಯಲ್ಲೇ ಅಳೆಯಬಹುದು. ನಷ್ಟ ಎಂದುಕೊಂಡ 0.236ರ ಒಂದು ತುಣುಕು ಇಲ್ಲಿ ನೇರ ಉಪಯೋಗಕ್ಕೆ ಬಂದಿದೆ. ಹೆಚ್ಚುವರಿ ಇಲ್ಲದಿದ್ದರೆ ಶಂಕುವೂ ಇರುತ್ತಿರಲಿಲ್ಲ.

ಹೊಸ್ತಿಲನ್ನು ಅಳೆಯುವುದು ಹೇಗೆ ಎಂಬುದನ್ನೂ ಹೇಳಬೇಕು. ಈ ಕ್ರಿಯೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಲಿಥಿಯಂ ಮತ್ತು ಪ್ರೋಟಾನ್ ನಡುವಿನ ವಿದ್ಯುತ್ ವಿಕರ್ಷಣೆಯ ಗೋಡೆ ಸ್ಥೂಲವಾಗಿ 1.2 ಎಂಇವಿ ಎತ್ತರದ್ದು, ಹೊಸ್ತಿಲಿಗಿಂತ ಕೆಳಗೆ. ಹೊರಬರುವ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಅದಕ್ಕೆ ಗೋಡೆಯೇ ಇಲ್ಲ. ಹಾಗಾಗಿ ಹೊಸ್ತಿಲು ಚೂಪಾಗಿ ಕಾಣುತ್ತದೆ. ವಿಸ್ಕಾನ್ಸಿನ್‌ನಲ್ಲಿ ಹರ್ಬ್, ಸ್ನೋಡನ್ ಮತ್ತು ಸಾಲಾ 1949ರಲ್ಲಿ ಇದನ್ನು 1.882 ಎಂಇವಿ ಎಂದು ಅಳೆದರು. ಮುಂದೆ ಇದು ಎಷ್ಟು ನಂಬಿಕಸ್ಥ ಗುರುತಾಯಿತೆಂದರೆ, ವೇಗವರ್ಧಕದ ಶಕ್ತಿಮಾಪಕ ಸರಿಯಿದೆಯೇ ಎಂದು ನೋಡಲು ಇದನ್ನೇ ಬಳಸುವುದು ರೂಢಿಯಾಯಿತು.

ಚೂಪಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಕಣ್ಣಳತೆಯಲ್ಲಿ ಓದಬಹುದು ಎಂದಲ್ಲ. ಹೊಸ್ತಿಲ ಸಮೀಪ ಎಣಿಕೆ ಸೊನ್ನೆಯಿಂದ ಮೆಲ್ಲಗೆ ಏಳುತ್ತದೆ, ಎಲ್ಲಿ ಎದ್ದಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಅದಕ್ಕೊಂದು ಉಪಾಯ ಇದೆ. ಕ್ರಿಯೆ ನಡೆಯುವ ಸಾಧ್ಯತೆ ಹೊಸ್ತಿಲ ಮೇಲಿನ ಶಕ್ತಿಯ ವರ್ಗಮೂಲದಂತೆ ಏರುತ್ತದೆ ಎಂದುಕೊಳ್ಳಿ. ದಪ್ಪ ಲಿಥಿಯಂ ತಗಡಿನಲ್ಲಿ ಪ್ರೋಟಾನ್ ನಿಧಾನವಾಗುತ್ತಾ ಹೊಸ್ತಿಲವರೆಗಿನ ಎಲ್ಲ ಶಕ್ತಿಗಳನ್ನೂ ಹಾದುಹೋಗುವುದರಿಂದ ಒಟ್ಟು ಎಣಿಕೆ ಆ ಶಕ್ತಿಯ 3/2 ಘಾತದಂತೆ ಏರುತ್ತದೆ. ಹಾಗಾದರೆ ಎಣಿಕೆಯನ್ನು 2/3 ಘಾತಕ್ಕೆ ಏರಿಸಿ ನಕ್ಷೆ ಬರೆದರೆ ಸರಳರೇಖೆ ಬರಬೇಕು. ಆ ರೇಖೆಯನ್ನು ಹಿಂದಕ್ಕೆ ಎಳೆದು ಅದು ಸೊನ್ನೆ ಮುಟ್ಟುವ ಜಾಗವನ್ನು ಓದುತ್ತಾರೆ. ಬುಡದ ಬಳಿಯ ಬಿಂದುಗಳು ರೇಖೆಯಿಂದ ಮೇಲಕ್ಕೆ ಬಾಗಿದ್ದರೆ ಪ್ರೋಟಾನ್ ಕಿರಣದ ಶಕ್ತಿ ಹರಡಿಕೊಂಡಿದೆ, ಇಲ್ಲವೇ ಹಿನ್ನೆಲೆಯ ಎಣಿಕೆಯನ್ನು ಸರಿಯಾಗಿ ಕಳೆದಿಲ್ಲ. ಇಡೀ ರೇಖೆಯೇ ಮೇಲಿನ ಶಕ್ತಿಗೆ ಸರಿದಿದ್ದರೆ ಅನುಮಾನ ಬೀಳಬೇಕಾದ್ದು ತಗಡಿನ ಮೇಲ್ಮೈ ಮೇಲೆ. ಲಿಥಿಯಂ ಗಾಳಿ ಸೋಕಿದರೆ ಕೆಡುತ್ತದೆ, ನಿರ್ವಾತ ಪಂಪಿನ ಎಣ್ಣೆಯ ಆವಿಯಿಂದ ಕಿರಣ ಬೀಳುವ ಜಾಗದಲ್ಲಿ ಇಂಗಾಲದ ಪೊರೆ ಕಟ್ಟುತ್ತದೆ. ಆ ಪೊರೆ ದಾಟುವಷ್ಟರಲ್ಲಿ ಪ್ರೋಟಾನ್ ಸ್ವಲ್ಪ ಶಕ್ತಿ ಕಳೆದುಕೊಂಡಿರುತ್ತದೆ, ಹೊಸ್ತಿಲು ಇರುವುದಕ್ಕಿಂತ ಎತ್ತರದಲ್ಲಿದ್ದಂತೆ ತೋರುತ್ತದೆ. ಬಂದ ನ್ಯೂಟ್ರಾನ್ ನಿಜಕ್ಕೂ ಈ ಕ್ರಿಯೆಯದ್ದೇ ಎಂಬುದಕ್ಕೆ ತಗಡಿನಲ್ಲೇ ಸಾಕ್ಷಿ ಉಳಿಯುತ್ತದೆ: ಬೆರಿಲಿಯಂ-7 ವಿಕಿರಣಶೀಲ, 53 ದಿನಗಳ ಅರ್ಧಾಯುಷ್ಯದಲ್ಲಿ 0.478 ಎಂಇವಿಯ ಗಾಮಾ ಕಿರಣ ಬಿಡುತ್ತಾ ಕ್ಷಯಿಸುತ್ತದೆ.

ಎಲ್ಲ ಶಕ್ತಿಗ್ರಾಹಿ ಕ್ರಿಯೆಗಳೂ ಇಷ್ಟು ಸಹಕರಿಸುವುದಿಲ್ಲ. 1919ರಲ್ಲಿ ರುದರ್‌ಫೋರ್ಡ್ ಪ್ರಕಟಿಸಿದ, ಆಲ್ಫಾ ಕಣ ನೈಟ್ರೋಜನ್ನಿಗೆ ಬಡಿದು ಪ್ರೋಟಾನ್ ಹೊರಬರುವ ಪ್ರಸಿದ್ಧ ಕ್ರಿಯೆಗೆ Q ಮೌಲ್ಯ −1.19 ಎಂಇವಿ. ಹೊಸ್ತಿಲು ಹದಿನಾಲ್ಕನೇ ನಾಲ್ಕರಷ್ಟು ಹೆಚ್ಚು, ಅಂದರೆ 1.53. ಆದರೆ ಅಲ್ಲಿ ವಿಕರ್ಷಣೆಯ ಗೋಡೆಯೇ ನಾಲ್ಕು ಎಂಇವಿ ಸುಮಾರಿನದು. 1.53ರ ಆಲ್ಫಾ ಕಣಕ್ಕೆ ಶಕ್ತಿಯ ಲೆಕ್ಕದಲ್ಲಿ ಅನುಮತಿ ಇದ್ದರೂ ಗೋಡೆ ಅದನ್ನು ಹತ್ತಿರ ಬಿಡುವುದು ತೀರಾ ಅಪರೂಪ. ರುದರ್‌ಫೋರ್ಡ್ ಬಳಸಿದ ಆಲ್ಫಾ ಕಣಗಳು 7.7 ಎಂಇವಿಯವು. ಹೊಸ್ತಿಲ ಶಕ್ತಿ ಹೇಳುವುದು ಇದಕ್ಕಿಂತ ಕೆಳಗೆ ಕ್ರಿಯೆ ಅಸಾಧ್ಯ ಎಂದಷ್ಟೇ. ಮೇಲೆ ಸುಲಭ ಎಂಬ ಮಾತು ಅದರಲ್ಲಿಲ್ಲ. ಗೋಡೆಯನ್ನೂ ಹೊಸ್ತಿಲನ್ನೂ ಕಲಸಿ ಒಂದು ಮಾಡುವುದು ಬಹಳ ಕಡೆ ಕಾಣುವ ಗೊಂದಲ.

ಇನ್ನು ನನ್ನ ಮುಖ್ಯ ತಕರಾರು. 1.644 ನ್ಯೂಕ್ಲಿಯಸ್ಸಿನದು, 1.880 ನಮ್ಮ ಏರ್ಪಾಟಿನದು ಎಂದೆ. ಬರೀ ಬೀಜಗಣಿತದ ಮಾತಾಗಿದ್ದರೆ ಇದನ್ನು ಅಭಿರುಚಿಯ ವಿಷಯ ಎಂದು ತಳ್ಳಿಹಾಕಬಹುದಿತ್ತು. ಆದರೆ ಇದಕ್ಕೆ ಸಾಕ್ಷಿ ಇದೆ, ಒಂದು ಸೂರ್ಯನಿಂದ ಬರುತ್ತದೆ. ಸೂರ್ಯನ ಒಡಲಲ್ಲಿ ಬೆರಿಲಿಯಂ-7 ಒಂದು ಎಲೆಕ್ಟ್ರಾನನ್ನು ಸೆರೆಹಿಡಿದು ಲಿಥಿಯಂ-7 ಆಗುತ್ತದೆ, ಆಗ ಬಿಡುಗಡೆಯಾಗುವ ನ್ಯೂಟ್ರಿನೊ ಬಹುಮಟ್ಟಿಗೆ 0.862 ಎಂಇವಿಯದು. ಇಟಲಿಯ ಗ್ರಾನ್ ಸಾಸೊ ಬೆಟ್ಟದೊಳಗಿನ ಬೊರೆಕ್ಸಿನೊ ಪ್ರಯೋಗ ಇವುಗಳನ್ನು 2007ರಲ್ಲಿ ಗುರುತಿಸಿತು. ಅಂದರೆ ಬೆರಿಲಿಯಂ-7 ಲಿಥಿಯಂ-7ಕ್ಕಿಂತ 0.862 ಎಂಇವಿ ಭಾರ. ಇನ್ನು ನ್ಯೂಟ್ರಾನ್ ಹೈಡ್ರೋಜನ್ ಪರಮಾಣುವಿಗಿಂತ 0.782 ಎಂಇವಿ ಭಾರ, ಇದು ನ್ಯೂಟ್ರಾನ್ ತಾನಾಗಿ ಕ್ಷಯಿಸುವುದರಿಂದಲೂ ಗೊತ್ತು. ಎರಡನ್ನೂ ಕೂಡಿಸಿ: 1.644. ಈ ಎರಡು ಮಾಪನಗಳಲ್ಲಿ ಪ್ರೋಟಾನ್ ಕಿರಣವಿಲ್ಲ, ಲಿಥಿಯಂ ತಗಡಿಲ್ಲ, ಹೊಸ್ತಿಲೂ ಇಲ್ಲ. ಆದರೂ ಅದೇ ಸಂಖ್ಯೆ. ಹೊಸ್ತಿಲನ್ನು ಅಳೆದು ರಾಶಿಯನ್ನು ತಿಳಿಯ ಹೊರಟವರು 1.880 ಅನ್ನು ಹಾಗೇ Q ಎಂದುಕೊಂಡಿದ್ದರೆ ಬೆರಿಲಿಯಂ-7ರ ತೂಕದಲ್ಲಿ ಕಾಲು ಎಂಇವಿಯಷ್ಟು ತಪ್ಪು ನುಸುಳುತ್ತಿತ್ತು.

ಎರಡನೆಯ ಸಾಕ್ಷಿ ಇನ್ನೂ ನೇರ. ಏರ್ಪಾಟನ್ನು ತಿರುಗಿಸಿ: ಪ್ರೋಟಾನನ್ನು ನಿಲ್ಲಿಸಿ, ಲಿಥಿಯಮ್ಮನ್ನು ಓಡಿಸಿ. ಹೈಡ್ರೋಜನ್ ಇರುವ ಗುರಿಯ ಮೇಲೆ ಲಿಥಿಯಂ-7ರ ಕಿರಣ ಬಿಡಬೇಕು. ನ್ಯೂಕ್ಲಿಯಸ್ಸುಗಳು ಅವೇ, ಕ್ರಿಯೆ ಅದೇ, Q ಅದೇ. ಆದರೆ ಸೂತ್ರದಲ್ಲಿ m ಏಳು, M ಒಂದು ಆಯಿತು. ಹೊಸ್ತಿಲು 1.88 ಅಲ್ಲ, 13.1 ಎಂಇವಿ! ಕಾರಣ ಸರಳ. ಭಾರದ ಕಣ ಹಗುರ ಕಣಕ್ಕೆ ಬಡಿದಾಗ ರಾಶಿ ಕೇಂದ್ರ ಬಹುತೇಕ ಆ ಭಾರದ ಕಣದ ಜೊತೆಗೇ ಓಡುತ್ತದೆ, ಎಂಟರಲ್ಲಿ ಏಳು ಪಾಲು ಶಕ್ತಿ ಆ ಓಟಕ್ಕೇ ಮೀಸಲು. ಯಾರಾದರೂ ಬೇಕೆಂದೇ ಇಷ್ಟು ದುಬಾರಿ ದಾರಿ ಹಿಡಿಯುತ್ತಾರೆಯೇ? ಫ್ರಾನ್ಸಿನ ಓರ್ಸೆಯಲ್ಲಿ ಹಿಡಿದಿದ್ದಾರೆ, ಅಲ್ಲಿನ ಲಿಕಾರ್ನ್ ಎಂಬ ನ್ಯೂಟ್ರಾನ್ ಆಕರ ಕೆಲಸ ಮಾಡುವುದು ಹೀಗೇ. ಕೇಂದ್ರ ಜೋರಾಗಿ ಓಡುವುದರಿಂದ ಹುಟ್ಟಿದ ನ್ಯೂಟ್ರಾನ್‌ಗಳು ಹೊಸ್ತಿಲಲ್ಲೇ 1.44 ಎಂಇವಿ ಶಕ್ತಿ ಪಡೆದು ಇಕ್ಕಟ್ಟಾದ ಶಂಕುವಿನಲ್ಲಿ ಮುನ್ನುಗ್ಗುತ್ತವೆ. ಮಾಪಕಗಳನ್ನು ಶಂಕುವಿನ ಹೊರಗಿಟ್ಟರೆ ನೇರ ನ್ಯೂಟ್ರಾನ್‌ಗಳ ಕಾಟ ಅವಕ್ಕಿಲ್ಲ. ಪ್ರೋಟಾನ್ ಕಿರಣದ ಏರ್ಪಾಟಿನಲ್ಲಿ 0.030 ಇದ್ದದ್ದು ಇಲ್ಲಿ ಸುಮಾರು 48 ಪಟ್ಟು. ನ್ಯೂಕ್ಲಿಯಸ್ಸಿನ ಸ್ವಭಾವ ಇದರಿಂದ ಒಂದು ಎಳೆಯಷ್ಟೂ ಬದಲಾಗಿಲ್ಲ.

ಮೂರನೆಯ ಏರ್ಪಾಟೂ ಇದೆ, ಕನಿಷ್ಠ ಪಕ್ಷ ಕಾಗದದ ಮೇಲೆ. ಪ್ರೋಟಾನಿಗೆ 1.438, ಲಿಥಿಯಮ್ಮಿಗೆ 0.206 ಎಂಇವಿ ಕೊಟ್ಟು ಎದುರುಬದುರು ಬಿಡಿ. ಇಬ್ಬರ ಸಂವೇಗವೂ ಸಮ, ದಿಕ್ಕು ವಿರುದ್ಧ, ಒಟ್ಟು ಸೊನ್ನೆ. ಈಗ ರಾಶಿ ಕೇಂದ್ರ ನಿಂತಿದೆ, ಅದರ ಪಾಲೆಂಬುದಿಲ್ಲ. ಬೇಕಾಗುವ ಒಟ್ಟು ಶಕ್ತಿ 1.644, Q ಎಷ್ಟೋ ಅಷ್ಟೇ. ಹುಟ್ಟಿದ ನ್ಯೂಟ್ರಾನ್ ಈ ಏರ್ಪಾಟಿನಲ್ಲಿ ಮಾತ್ರ ನಿಜವಾಗಿ ನಿಂತಲ್ಲೇ ನಿಲ್ಲುತ್ತದೆ.

ಇಲ್ಲಿಯವರೆಗೆ ಬಳಸಿದ ಸೂತ್ರ ನ್ಯೂಟನ್ನನ ಕಾಲದ್ದು. ಸಾಪೇಕ್ಷತೆಯನ್ನೂ ಸೇರಿಸಿ ಸರಿಯಾಗಿ ಬರೆದರೆ ಅದಕ್ಕೆ ಮೂರನೆಯ ಪದವೊಂದು ಬರುತ್ತದೆ:

E = |Q| (1 + m/M + |Q|/2Mc²)

ಇದು ಅಂದಾಜಲ್ಲ, ಪೂರ್ಣ ನಿಖರ. ಮೊದಲ ಪದ ಕ್ರಿಯೆಯ ಬೇಡಿಕೆ, ಎರಡನೆಯದು ಬಂದ ಕಣದ ತೂಕದಿಂದ ಹುಟ್ಟುವ ಹೆಚ್ಚುವರಿ. ಮೂರನೆಯದು, ತಂದ ಶಕ್ತಿಗೂ ಜಡತ್ವ ಇದೆ ಎಂಬುದರ ಫಲ. ಲಿಥಿಯಂ ಕ್ರಿಯೆಯಲ್ಲಿ ಅದರ ಕೊಡುಗೆ 200 ಎಲೆಕ್ಟ್ರಾನ್ ವೋಲ್ಟಿನಷ್ಟು, ಬಿಟ್ಟರೂ ನಡೆಯುತ್ತದೆ. ಆದರೆ ಅದೊಂದೇ ಉಳಿಯುವ ಪ್ರಸಂಗವೂ ಇದೆ. 1934ರಲ್ಲಿ ಚಾಡ್ವಿಕ್ ಮತ್ತು ಗೋಲ್ಡ್‌ಹೇಬರ್ ಗಾಮಾ ಕಿರಣದಿಂದ ಡ್ಯೂಟೆರಾನನ್ನು ಪ್ರೋಟಾನ್ ಮತ್ತು ನ್ಯೂಟ್ರಾನ್ ಆಗಿ ಒಡೆದರು. ಬಂಧನ ಶಕ್ತಿ 2.2246 ಎಂಇವಿ. ಗಾಮಾ ಕಿರಣದ ಕಣಕ್ಕೆ ರಾಶಿಯಿಲ್ಲ, ಎರಡನೆಯ ಪದ ಸೊನ್ನೆ. ಆದರೂ ಅದಕ್ಕೆ ಸಂವೇಗ ಇದ್ದೇ ಇದೆ, ಹಾಗಾಗಿ ಹೊಸ್ತಿಲು Qಗಿಂತ 1300 ಎಲೆಕ್ಟ್ರಾನ್ ವೋಲ್ಟಿನಷ್ಟು ಮೇಲಿದೆ. ಸಾವಿರಕ್ಕೆ ಒಂದೂ ಇಲ್ಲ, ಆದರೆ ಸೊನ್ನೆಯಲ್ಲ.

ಮೂರೂ ಪದಗಳು ಸಮಸಮವಾಗಿ ನಿಲ್ಲುವ ಪ್ರಸಂಗ ಬರ್ಕ್ಲಿಯಲ್ಲಿ ಬಂತು. ಅಲ್ಲಿನ ಬೆವಟ್ರಾನ್ ಯಂತ್ರದಲ್ಲಿ 1955ರಲ್ಲಿ ಚೇಂಬರ್ಲೇನ್, ಸೆಗ್ರೆ, ವೀಗಂಡ್ ಮತ್ತು ಇಪ್ಸಿಲಾಂಟಿಸ್ ಪ್ರತಿಪ್ರೋಟಾನನ್ನು ಪತ್ತೆಮಾಡಿದರು. ಎರಡು ಪ್ರೋಟಾನ್‌ಗಳ ಡಿಕ್ಕಿಯಲ್ಲಿ ಹೊಸದಾಗಿ ಒಂದು ಪ್ರೋಟಾನ್ ಮತ್ತು ಒಂದು ಪ್ರತಿಪ್ರೋಟಾನ್ ಹುಟ್ಟಬೇಕು. ಹುಟ್ಟುವ ರಾಶಿ ಪ್ರೋಟಾನಿನ ಎರಡು ಪಟ್ಟು, ಅಂದರೆ Qನ ಗಾತ್ರ 1.88 ಜಿಇವಿ, ಸಾವಿರ ಎಂಇವಿಗೆ ಒಂದು ಜಿಇವಿ. (ಲಿಥಿಯಂ ಹೊಸ್ತಿಲಿನ ಅಂಕಿಗಳೇ ಮತ್ತೆ ಬಂದದ್ದು ಶುದ್ಧ ಕಾಕತಾಳೀಯ.) m ಮತ್ತು M ಎರಡೂ ಪ್ರೋಟಾನೇ, ಎರಡನೆಯ ಪದ ಒಂದು. |Q| ಎಂದರೆ 2Mc², ಮೂರನೆಯ ಪದವೂ ಒಂದು. ಆವರಣದೊಳಗೆ ಮೂರು. ಹೊಸ್ತಿಲು Qನ ಮೂರು ಪಟ್ಟು, 5.63 ಜಿಇವಿ. ಬೆವಟ್ರಾನನ್ನು 6.2 ಜಿಇವಿಗೆ ಕಟ್ಟಿದ್ದರ ಹಿಂದೆ ಈ ಲೆಕ್ಕ ಇತ್ತು. ಇದೇ ಡಿಕ್ಕಿಯನ್ನು ಎದುರುಬದುರು ಕಿರಣಗಳಲ್ಲಿ ನಡೆಸಿದ್ದರೆ ಒಂದೊಂದು ಪ್ರೋಟಾನಿಗೆ 0.94 ಜಿಇವಿ ಸಾಕಿತ್ತು.

ಆದರೆ ಅವರ ಗುರಿ ಹೈಡ್ರೋಜನ್ ಆಗಿರಲಿಲ್ಲ, ತಾಮ್ರದ ತುಂಡು. ತಾಮ್ರದ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನ್‌ಗಳೂ ನ್ಯೂಟ್ರಾನ್‌ಗಳೂ ಸುಮ್ಮನೆ ಕುಳಿತಿರುವುದಿಲ್ಲ, ಇಪ್ಪತ್ತೈದು ಎಂಇವಿವರೆಗಿನ ಶಕ್ತಿಯಲ್ಲಿ ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತವೆ. ಕಿರಣಕ್ಕೆ ಎದುರಾಗಿ ಓಡಿಬರುವ ಒಂದಕ್ಕೆ ಡಿಕ್ಕಿಯಾದರೆ ರಾಶಿ ಕೇಂದ್ರದ ಓಟ ಅಷ್ಟು ತಗ್ಗುತ್ತದೆ. 25 ಎಂಇವಿ ಅಂದರೆ 5630ರ ಮುಂದೆ ಅರ್ಧ ಶೇಕಡವೂ ಅಲ್ಲ. ಆದರೆ ಅದು ಇಳಿಸುವುದು 25 ಎಂಇವಿಯನ್ನಲ್ಲ. ಹೊಸ್ತಿಲು 5.63ರಿಂದ ಸುಮಾರು 4.3 ಜಿಇವಿಗೆ ಬಂದು ನಿಲ್ಲುತ್ತದೆ.